ಬೇಳೆ ಬೇಯದ ನೀರು

ಬಾಣಂತನಕ್ಕೆಂದು ಅವ್ವ ರಾಯಚೂರು ಕಡೆಯ ಹಳ್ಳಿಯಿಂದ ಹೈದರಾಬಾದಿಗೆ ಬಂದ ಎರಡನೇ ದಿನವೇ ಅಡುಗೆಮನೆಯಿಂದ ಕೂಗಿದಳು: "ಯಾಕವ್ವ, ನಿಮ್ಮನಿ ಬ್ಯಾಳಿ ಏಳು ಸೀಟಿ ಆದ್ರೂ ಬೇಯವಲ್ದಲ್ಲ? ಹಳೇ ಬ್ಯಾಳಿ ತಂದೀರೇನು?" ಬೇಳೆ ಹಳೆಯದಲ್ಲ, ಅವಳೇ ಊರಿಂದ ಕಟ್ಟಿಕೊಂಡು ಬಂದ ಹೊಸ ತೊಗರಿಯ ಬೇಳೆ ಅದು. ಹಾಗೆಂದಾಗ ಅವ್ವ ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ, "ಹಂಗಾರ ನೀರಿಂದು" ಎಂದಳು. ನಾನು ನಕ್ಕುಬಿಟ್ಟೆ. ನಮ್ಮ ಮನೆಯಲ್ಲಿ ಗೋಡೆಗೆ ನೇತುಹಾಕಿದ ಯುವಿ ಫಿಲ್ಟರ್ ಇದೆ, ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸುತ್ತೇವೆ, ನೀರು ಕನ್ನಡಿಯ ಹಾಗೆ ಬರುತ್ತದೆ. ಆ ನೀರಿಗೇನಾಗಿದೆ?

ಆ ಯುವಿ ಫಿಲ್ಟರ್ ಕೊಂಡದ್ದು ಹಿಂದಿನ ಬಾಡಿಗೆ ಮನೆಯಲ್ಲಿದ್ದಾಗ. ಅಲ್ಲಿ ನಲ್ಲಿಗೆ ಜಲಮಂಡಳಿಯ ನೀರು ಬರುತ್ತಿತ್ತು, ಅಂದರೆ ಮಂಜೀರಾ ಅಥವಾ ಕೃಷ್ಣಾ ನದಿಯ ನೀರು. ಆಮೇಲೆ ಊರಾಚೆ ಹೊಸ ಫ್ಲ್ಯಾಟ್ ಕೊಂಡು ಬಂದೆವು. ಇಲ್ಲಿ ಮಂಡಳಿಯ ನೀರು ದಿನ ಬಿಟ್ಟು ದಿನ ಸ್ವಲ್ಪ ಹೊತ್ತು ಸಂಪಿಗೆ ಬೀಳುತ್ತದೆ, ಉಳಿದದ್ದೆಲ್ಲ ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಮನೆ ಬದಲಾಯಿತು, ನೀರು ಬದಲಾಯಿತು, ಗೋಡೆಯ ಮೇಲಿನ ಡಬ್ಬಿ ಮಾತ್ರ ಅದೇ ಉಳಿಯಿತು. ಸೋಫಾ, ಫ್ರಿಜ್ಜಿನ ಜೊತೆ ಅದನ್ನೂ ಲಾರಿಗೆ ಹಾಕಿಕೊಂಡು ಬಂದಿದ್ದೆವು. ನೀರು ಬದಲಾದರೆ ಡಬ್ಬಿಯೂ ಬದಲಾಗಬೇಕಾದೀತು ಎಂಬ ಯೋಚನೆ ಇಬ್ಬರು ಇಂಜಿನಿಯರುಗಳಿರುವ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಅವ್ವನ ಬಾಯಿ ಮುಚ್ಚಿಸಲೆಂದೇ ಒಂದು ಟಿಡಿಎಸ್ ಮೀಟರ್ ತರಿಸಿದೆ. ಪೆನ್ನಿನಷ್ಟು ಉದ್ದದ ಅಗ್ಗದ ಸಾಧನ, ತುದಿಯಲ್ಲಿ ಎರಡು ಲೋಹದ ಕಡ್ಡಿ. ನೀರಿನಲ್ಲಿ ಕರಗಿರುವ ಲವಣಗಳು ಎಷ್ಟಿವೆಯೋ ಅಷ್ಟು ಚೆನ್ನಾಗಿ ಆ ನೀರು ವಿದ್ಯುತ್ತನ್ನು ಹರಿಸುತ್ತದೆ. ಮೀಟರ್ ಅದನ್ನು ಅಳೆದು, ಒಂದು ಅಂದಾಜು ಗುಣಕದಿಂದ ಗುಣಿಸಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೋರಿಸುತ್ತದೆ. ಮಂಡಳಿಯ ನೀರು ಬಂದಾಗ ಸಂಪಿನ ಪೈಪಿನಿಂದಲೇ ಹಿಡಿದ ಲೋಟದಲ್ಲಿ 240. ಬೋರ್ ನೀರಿನಲ್ಲಿ 1120. ಆಮೇಲೆ ಯುವಿ ಫಿಲ್ಟರಿನಿಂದ ಹಿಡಿದ, ಕನ್ನಡಿಯಂಥ ಬೋರ್ ನೀರಿನಲ್ಲಿ ಅದ್ದಿದೆ. ಅಲ್ಲೂ 1120. ಮೀಟರ್ ಕೆಟ್ಟಿರಬೇಕೆಂದು ಮತ್ತೆ ಅದ್ದಿದೆ. ಮತ್ತೆ ಅಷ್ಟೇ.

ಮೀಟರ್ ಕೆಟ್ಟಿರಲಿಲ್ಲ. ಯುವಿ ದೀಪದ ಕೆಲಸವೇ ಬೇರೆ. ಒಂದು ಉಕ್ಕಿನ ಕೊಳವೆಯೊಳಗೆ ಕ್ವಾರ್ಟ್ಜ್ ಗಾಜಿನ ನಳಿಗೆ, ಅದರೊಳಗೆ ದೀಪ, ಸುತ್ತ ನೀರು ಹರಿಯುತ್ತದೆ. ಆ ಬೆಳಕು ಬ್ಯಾಕ್ಟೀರಿಯಾ, ವೈರಸ್‌ಗಳ ಡಿಎನ್‌ಎಯನ್ನು ಕೆಡಿಸಿ ಅವು ಮರಿಹಾಕದಂತೆ ಮಾಡುತ್ತದೆ. ನೀರಿನಿಂದ ಅದು ಏನನ್ನೂ ಹೊರಗೆ ತೆಗೆಯುವುದಿಲ್ಲ. ಉಪ್ಪಿಗೂ ಸುಣ್ಣಕ್ಕೂ ಬೆಳಕಿನ ಹಂಗಿಲ್ಲ.

ಬೇಳೆಯ ವಿಷಯದಲ್ಲಿ ಅವ್ವ ಹೇಳಿದ್ದೂ ನಿಜವೇ. ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತು ಬೇಯುವಾಗ ಕರಗಬೇಕು. ಗಡಸು ನೀರಿನ ಕ್ಯಾಲ್ಸಿಯಂ ಅದಕ್ಕೆ ಸೇರಿಕೊಂಡು ಇನ್ನಷ್ಟು ಗಟ್ಟಿ ಮಾಡುತ್ತದೆ. ಊರಿನಲ್ಲಿ ಬೋರ್ ನೀರಿನಲ್ಲಿ ಬೇಳೆಗಿಡುವಾಗ ಚಿಟಿಕೆ ಸೋಡಾ ಹಾಕುವುದು ಇದಕ್ಕೇ.

ಇಲ್ಲಿಗೆ ಇದು ಬರೀ ಸಾಂಬಾರಿನ ಸಮಸ್ಯೆಯಾಗಿದ್ದರೆ ಸೋಡಾ ಹಾಕಿ ಮುಗಿಸುತ್ತಿದ್ದೆ. ಆದರೆ ಎರಡು ತಿಂಗಳ ಕೂಸಿಗೆ ನನ್ನ ಹಾಲು ಸಾಲದೆ ಡಾಕ್ಟರು ಪುಡಿ ಹಾಲು ಶುರುಮಾಡಿಸಿದ್ದರು. ದಿನಕ್ಕೆ ಮೂರು ಬಾಟಲಿ. ಆ ಹಾಲಿನ ತೊಂಬತ್ತು ಪಾಲು ಇದೇ ನೀರು. ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಮೀಟರಿನ ಕಥೆ ಹೇಳಿದೆ. ಅವರು ನಗಲಿಲ್ಲ. "ಮೀಟರ್ ಎಷ್ಟು ಅಂತ ಹೇಳುತ್ತೆ, ಏನು ಅಂತ ಹೇಳಲ್ಲ. ನೀರನ್ನ ಲ್ಯಾಬಿಗೆ ಕೊಡಿ. ನೈಟ್ರೇಟ್, ಫ್ಲೋರೈಡ್ ಎರಡನ್ನೂ ಮರೆಯದೆ ಬರೆಸಿ" ಎಂದರು.

ಲ್ಯಾಬಿನಿಂದ ವರದಿ ಬರುವ ಮೊದಲೇ ಮನೆಯಲ್ಲಿ ಎಲ್ಲರೂ ಒಂದೊಂದು ಪರಿಹಾರ ಹುಡುಕಿಟ್ಟಿದ್ದರು. ಮೇಲ್ಮನೆಯ ಮೈಸೂರಿನ ಆಂಟಿ, "ಆರ್‌ಓ ಎಲ್ಲ ಬೇಡಮ್ಮ, ನೀರು ಸತ್ತುಹೋಗುತ್ತೆ. ನಮ್ಮ ಹಾಗೆ ಕಾರ್ಬನ್ ಫಿಲ್ಟರ್ ಹಾಕ್ಸು, ಕರೆಂಟೂ ಬೇಡ, ರುಚಿ ನೋಡು" ಎಂದು ಒಂದು ಜಗ್ ಕಳಿಸಿದರು. ರುಚಿ ನಿಜಕ್ಕೂ ಚೆನ್ನಾಗಿತ್ತು. ಮೀಟರ್ ಅದ್ದಿದರೆ 1110.

ಕಾರ್ಬನ್ ಅಂದರೆ ತೆಂಗಿನ ಚಿಪ್ಪಿನಂಥದ್ದನ್ನು ಸುಟ್ಟು, ಒಳಗೆಲ್ಲ ಸೂಕ್ಷ್ಮ ರಂಧ್ರಗಳಾಗುವಂತೆ ಮಾಡಿದ ಇದ್ದಿಲು. ಕ್ಲೋರಿನ್, ಕೆಟ್ಟ ವಾಸನೆ, ಕೆಲವು ಕೀಟನಾಶಕಗಳಂಥ ಸಾವಯವ ವಸ್ತುಗಳು ಆ ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಕರಗಿದ ಲವಣ ಅಂಟಿಕೊಳ್ಳುವುದಿಲ್ಲ. ಬೋರ್ ನೀರಿನಲ್ಲಿ ಕ್ಲೋರಿನ್ನೇ ಇಲ್ಲದಿರುವಾಗ ಅದಕ್ಕೆ ಹಿಡಿಯಲು ಹೆಚ್ಚೇನೂ ಸಿಗುವುದಿಲ್ಲ. ಇನ್ನೊಂದು ವಿಚಾರವನ್ನು ಆಂಟಿಗೆ ಆಮೇಲೆ ಮೆಲ್ಲಗೆ ಹೇಳಿದೆ. ಮಂಡಳಿಯ ನೀರಿನಲ್ಲಿರುವ ಕ್ಲೋರಿನ್ನನ್ನು ಕಾರ್ಬನ್ ತೆಗೆದುಹಾಕಿದ ಮೇಲೆ, ಆ ಒದ್ದೆ ಇದ್ದಿಲಿನೊಳಗೆ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆಯಬಲ್ಲವು. ಅದಕ್ಕೇ ಕಾರ್ಬನ್ನಿನ ಮುಂದೆ ಯುವಿ ಇಡುತ್ತಾರೆ, ಕಾರ್ಟ್ರಿಜ್ಜನ್ನು ಕಾಲಕಾಲಕ್ಕೆ ಬದಲಿಸಬೇಕು ಎನ್ನುತ್ತಾರೆ. ಅವರು ಎರಡು ವರ್ಷದಿಂದ ಬದಲಿಸಿರಲಿಲ್ಲ.

ಅವ್ವನ ಪರಿಹಾರ ಕುದಿಸುವುದು. ಕೂಸಿನ ನೀರನ್ನು ಅವಳು ಹತ್ತು ಹದಿನೈದು ನಿಮಿಷ ಕುದಿಸಿ, ಆರಿಸಿ, ತಿಳಿ ಮಾತ್ರ ಬಗ್ಗಿಸಿಕೊಳ್ಳುತ್ತಿದ್ದಳು. ಪಾತ್ರೆಯ ತಳದಲ್ಲಿ ಬಿಳಿ ಪುಡಿ ಉಳಿಯುತ್ತಿತ್ತು. "ನೋಡು, ಹೊಲಸೆಲ್ಲ ಕೆಳಗ ಕುಂತತಿ" ಎಂದು ತೋರಿಸುತ್ತಿದ್ದಳು. ಮೀಟರಿನಲ್ಲೂ 1120 ಇದ್ದದ್ದು 940ಕ್ಕೆ ಇಳಿದಿತ್ತು. ಅವ್ವ ಗೆದ್ದಳೆಂದೇ ಅಂದುಕೊಂಡೆವು. ಕುದಿಸಿದಾಗ ಕ್ಯಾಲ್ಸಿಯಂ ಬೈಕಾರ್ಬನೇಟಿನ ಒಂದು ಭಾಗ ಸುಣ್ಣದ ಪುಡಿಯಾಗಿ ತಳ ಸೇರುತ್ತದೆ, ಅದು ನಿಜ.

ಅಷ್ಟರಲ್ಲಿ ವರದಿ ಬಂತು. ಟಿಡಿಎಸ್ 1080, ಗಡಸುತನ 560, ಫ್ಲೋರೈಡ್ 1.7, ನೈಟ್ರೇಟ್ 62. ಎಲ್ಲವೂ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಲ್ಯಾಬಿನ 1080ಕ್ಕೂ ನನ್ನ ಮೀಟರಿನ 1120ಕ್ಕೂ ಇರುವ ಅಂತರ ಆ ಅಂದಾಜು ಗುಣಕದ್ದು, ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಈ ಸಂಖ್ಯೆಗಳನ್ನು ಓದಲು ಭಾರತೀಯ ಮಾನಕ ಐಎಸ್ 10500 ಬೇಕು. 2012ರ ಆ ಮಾನಕದ ಪ್ರಕಾರ ಟಿಡಿಎಸ್ 500ರೊಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 2000ದವರೆಗೂ ನಡೆಯುತ್ತದೆ. ಗಡಸುತನಕ್ಕೆ ಅದೇ ರೀತಿ 200 ಮತ್ತು 600. ಹಾಗೆ ನೋಡಿದರೆ ಮನೆಯವರೆಲ್ಲ ಹೆದರಿದ್ದ ಎರಡು ಸಂಖ್ಯೆಗಳೂ, ಬೇಳೆ ಬೇಯದಿದ್ದರೂ, ನಡೆಯುವ ಮಿತಿಯೊಳಗೇ ಇದ್ದವು. ಫ್ಲೋರೈಡಿಗೆ 1.0, ಹೆಚ್ಚೆಂದರೆ 1.5. ನೈಟ್ರೇಟಿಗೆ 45, ಅದಕ್ಕೆ ಮೇಲೆ ರಿಯಾಯಿತಿಯೇ ಇಲ್ಲ. ಮಿತಿ ದಾಟಿದ್ದವು ಇವೆರಡು, ಮತ್ತು ಇವೆರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ, ಇಷ್ಟು ಕಡಿಮೆ ಪ್ರಮಾಣದಲ್ಲಿ ರುಚಿಯೂ ಇಲ್ಲ.

ಫ್ಲೋರೈಡಿನ ಪರಿಚಯ ನನಗೆ ಹೊಸದಲ್ಲ. ನಮ್ಮೂರ ಕಡೆ ಹಲ್ಲು ಕಂದಾದ ಓರಗೆಯವರು ಎಷ್ಟು ಜನ. ಹೈದರಾಬಾದಿನಿಂದ ಸ್ವಲ್ಪ ದೂರದ ನಲ್ಗೊಂಡದ ಹೆಸರೇ ಫ್ಲೋರೈಡ್ ತೆಗೆಯುವ ಒಂದು ವಿಧಾನಕ್ಕಿದೆ. ನಾನು ಕೇಳದೆ ಇದ್ದದ್ದು ನೈಟ್ರೇಟಿನ ವಿಷಯ. ಸೆಪ್ಟಿಕ್ ಟ್ಯಾಂಕು, ಚರಂಡಿ, ಗೊಬ್ಬರ ಇವುಗಳಿಂದ ನೆಲಕ್ಕಿಳಿದು ಅದು ಬೋರಿಗೆ ಸೇರುತ್ತದೆ. ದೊಡ್ಡವರಿಗೆ ಅಷ್ಟು ಬೇಗ ಏನೂ ಮಾಡುವುದಿಲ್ಲ. ಬಾಟಲಿ ಹಾಲಿನ ಎಳೆಗೂಸುಗಳಲ್ಲಿ ಅದು ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಗ್ಗಿಸಬಲ್ಲದು, ಹೆಚ್ಚಾದರೆ ಕೂಸು ನೀಲಿಗಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 50 ಎಂಬ ಮಿತಿ ಇಟ್ಟಿರುವುದೇ ಇಂಥ ಕೂಸುಗಳನ್ನು ಲೆಕ್ಕಕ್ಕಿಟ್ಟು.

ಈಗ ಅವ್ವನ ಕುದಿಸುವಿಕೆಗೆ ಬರೋಣ. ನೈಟ್ರೇಟ್ ಕುದಿಸಿದರೆ ಹಾರಿಹೋಗುವುದಿಲ್ಲ, ತಳವೂ ಸೇರುವುದಿಲ್ಲ. ಹಾರುವುದು ನೀರು ಮಾತ್ರ. ಒಂದು ಲೀಟರ್ ಕುದಿದು 850 ಮಿಲಿ ಆದರೆ, ಅದರಲ್ಲಿದ್ದ 62 ಮಿಲಿಗ್ರಾಂ ಆ 850 ಮಿಲಿಯಲ್ಲೇ ಉಳಿದು, ಲೀಟರಿಗೆ 73ರ ಲೆಕ್ಕವಾಗುತ್ತದೆ. ಮೀಟರ್ ಕೆಳಗಿಳಿಯುತ್ತಿದ್ದಾಗ ನೈಟ್ರೇಟ್ ಮೇಲೇರುತ್ತಿತ್ತು. ಅವ್ವ ಹೆಚ್ಚು ಕಾಳಜಿಯಿಂದ ಹೆಚ್ಚು ಹೊತ್ತು ಕುದಿಸಿದಷ್ಟೂ ಕೂಸಿನ ಬಾಟಲಿಯಲ್ಲಿ ಅದು ಜಾಸ್ತಿ. ಇದನ್ನು ಅವ್ವನಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು. ಆ ಎರಡು ದಿನ ಸುಮ್ಮನೆ ಅಂಗಡಿಯಿಂದ ಸೀಲ್ ಇರುವ ಇಪ್ಪತ್ತು ಲೀಟರಿನ ಕ್ಯಾನ್ ತರಿಸಿ, ಕೂಸಿಗೆ ಅದರ ನೀರನ್ನೇ ಒಂದು ಕುದಿ ಬರಿಸಿ ಕೊಟ್ಟೆವು. ಪುಣ್ಯಕ್ಕೆ ಮಗಳಿಗೆ ಏನೂ ಆಗಿರಲಿಲ್ಲ.

ಅಲ್ಲಿಗೆ ಆಯ್ಕೆ ತಾನಾಗಿಯೇ ಮುಗಿದಿತ್ತು. ಯುವಿ ನೈಟ್ರೇಟ್ ಮುಟ್ಟುವುದಿಲ್ಲ, ಕಾರ್ಬನ್ ಮುಟ್ಟುವುದಿಲ್ಲ. ಉಳಿದದ್ದು ಆರ್‌ಓ. ನಾನು ಆರ್‌ಓ ಪಕ್ಷದವಳಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಅದೇ ವರದಿಯಲ್ಲಿ ಟಿಡಿಎಸ್ 600 ಇದ್ದು, ಅದೆಲ್ಲ ಬರೀ ಗಡಸುತನವಾಗಿದ್ದು, ಫ್ಲೋರೈಡ್, ನೈಟ್ರೇಟ್ ಮಿತಿಯೊಳಗಿದ್ದಿದ್ದರೆ ಯುವಿಯನ್ನೇ ಇಟ್ಟುಕೊಂಡು ಬೇಳೆಗೆ ಸೋಡಾ ಹಾಕುತ್ತಿದ್ದೆ. ಮಂಡಳಿಯ 240ರ ನೀರಿಗೆ ಆರ್‌ಓ ಹಾಕುವುದಂತೂ ನೀರು ಚೆಲ್ಲುವ ಯಂತ್ರ ಹಾಕಿದಂತೆ. 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಓ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ.

ಹಳೆಯ ಯುವಿಯನ್ನು ಇಳಿಸಲು ಬಂದ ಹುಡುಗ ಅದರ ಉಕ್ಕಿನ ಕೊಳವೆ ಬಿಚ್ಚಿ ಒಳಗಿನ ಗಾಜಿನ ನಳಿಗೆ ತೋರಿಸಿದ. ಅಜ್ಜಿಯ ಸುಣ್ಣದ ಡಬ್ಬಿಯ ಹಾಗೆ ಬೆಳ್ಳಗಿತ್ತು. ಗಡಸು ನೀರಿನ ಸುಣ್ಣ ಗಾಜಿನ ಮೇಲೆ ಪದರ ಕಟ್ಟಿ ಬೆಳಕನ್ನು ತಡೆದಿತ್ತು. ದೀಪ ಉರಿಯುತ್ತಿತ್ತು, ಹಸಿರು ಲೈಟು ಕಾಣುತ್ತಿತ್ತು, ನೀರಿಗೆ ಎಷ್ಟು ಬೆಳಕು ತಾಗುತ್ತಿತ್ತೋ ದೇವರಿಗೇ ಗೊತ್ತು. ಗಡಸು ನೀರಿನಲ್ಲಿ ಯುವಿ ತನ್ನ ಒಂದೇ ಒಂದು ಕೆಲಸವನ್ನೂ ಸರಿಯಾಗಿ ಮಾಡಲಾರದು. ಹೊಸ ಯಂತ್ರದಲ್ಲಿ ಯುವಿ ಮೆಂಬ್ರೇನಿನ ನಂತರ ಇದೆ, ಅಷ್ಟು ಹೊತ್ತಿಗೆ ಸುಣ್ಣ ಹೋಗಿರುವುದರಿಂದ ಗಾಜು ತಿಳಿಯಾಗಿ ಉಳಿಯುತ್ತದೆ. ಕಾರ್ಬನ್ ಮೆಂಬ್ರೇನಿನ ಮೊದಲೇ ಇದೆ, ಏಕೆಂದರೆ ಕ್ಲೋರಿನ್ ತಾಗಿದರೆ ಮೆಂಬ್ರೇನ್ ಹಾಳಾಗುತ್ತದೆ, ಮಂಡಳಿ ನೀರಿನ ದಿನ ಕ್ಲೋರಿನ್ ಬರುತ್ತದೆ. ನಾವು ಯಾವುದೋ ಒಂದನ್ನು ಆರಿಸಬೇಕೆಂದು ಜಗಳವಾಡುತ್ತಿದ್ದ ಮೂರೂ ಒಂದೇ ಡಬ್ಬಿಯೊಳಗೆ ಸಾಲಾಗಿ ಕೂತಿದ್ದವು. ಯಾವುದು ಯಾವುದರ ಹಿಂದೆ ಅನ್ನುವುದಷ್ಟೇ ಮುಖ್ಯ.

ಮೆಂಬ್ರೇನ್ ಅಂದರೆ ಸುತ್ತಿಟ್ಟ ತೆಳು ಹಾಳೆ. ಪುಟ್ಟ ಪಂಪು ನೀರನ್ನು ಒತ್ತಡದಿಂದ ಅದರ ಮೇಲೆ ನೂಕುತ್ತದೆ. ಸ್ವಲ್ಪ ನೀರು ಹಾಳೆಯೊಳಗಿಂದ ನುಸುಳಿ ಬರುತ್ತದೆ, ಬಹುಪಾಲು ಲವಣ ಹಿಂದೆ ಉಳಿಯುತ್ತದೆ. ಆ ಲವಣವನ್ನು ಉಳಿದ ನೀರು ತೊಳೆದುಕೊಂಡು ಹೊರಗೆ ಹೋಗಬೇಕು, ಅದೇ ನಾವು ಬೈಯುವ ವೇಸ್ಟ್ ನೀರು. ಜೋಡಿಸಿದ ದಿನ ಗಡಿಯಾರ, ಬಾಟಲಿ, ಬಕೆಟ್ ಹಿಡಿದು ಕೂತೆ. ಐದು ನಿಮಿಷಕ್ಕೆ ಒಂದು ಲೀಟರ್ ಶುದ್ಧ ನೀರು, ಅಷ್ಟೇ ಹೊತ್ತಿನಲ್ಲಿ ಬಕೆಟ್ಟಿಗೆ ಮೂರು ಲೀಟರ್. ಶುದ್ಧ ನೀರು 70. ಒಳಗೆ ಹೋದದ್ದು ನಾಲ್ಕು ಲೀಟರ್, 1120ರಂತೆ ಒಟ್ಟು 4480 ಮಿಲಿಗ್ರಾಂ. ಶುದ್ಧ ನೀರಿನಲ್ಲಿ ಬಂದದ್ದು 70. ಉಳಿದ 4410 ಮೂರು ಲೀಟರಿನಲ್ಲಿ ಇರಬೇಕು, ಅಂದರೆ ಲೀಟರಿಗೆ 1470. ಬಕೆಟ್ಟಿಗೆ ಮೀಟರ್ ಅದ್ದಿದೆ: 1450. ಲೆಕ್ಕ ಸರಿಹೋದದ್ದು ಕಂಡು ಬಾಣಂತಿಯಾದ ನನಗೆ ಆದ ಖುಷಿ ನಮ್ಮನೆಯವರಿಗೆ ವಿಚಿತ್ರವಾಗಿ ಕಂಡಿತು.

ಹೊರಡುವ ಮುಂಚೆ ಹುಡುಗ ಒಂದು ಚಿಕ್ಕ ಸ್ಕ್ರೂ ತಿರುಗಿಸಿದ. ಮೀಟರ್ 70ರಿಂದ 200ಕ್ಕೆ ಏರಿತು. "ಮಿನರಲ್ ಸೆಟ್ ಮಾಡಿದೆ ಮೇಡಂ, ರುಚಿಗೆ" ಎಂದ. ಟಿಡಿಎಸ್ ಕಂಟ್ರೋಲರ್ ಎಂದು ಅದರ ಹೆಸರು. ಅದು ಮಿನರಲ್ ಸೇರಿಸುವುದಿಲ್ಲ. ಮೆಂಬ್ರೇನಿಗೆ ಹೋಗದ ಬೋರ್ ನೀರನ್ನೇ ಪಕ್ಕದ ದಾರಿಯಿಂದ ತಂದು ಬೆರೆಸುತ್ತದೆ. ಒಂದು ಲೋಟ ಬೋರ್ ನೀರು, ಏಳು ಲೋಟ ಮೆಂಬ್ರೇನ್ ನೀರು ಸೇರಿಸಿದರೆ ಹೆಚ್ಚುಕಡಿಮೆ 200 ಆಗುತ್ತದೆ. ಅಂದರೆ ಕುಡಿಯುವ ಎಂಟು ಲೋಟದಲ್ಲಿ ಒಂದು ಲೋಟ ಹಸಿ ಬೋರ್ ನೀರು.

ನನಗೆ ಮೈ ಉರಿಯಿತು. ಆದರೆ ಲೆಕ್ಕ ಹಾಕಿದ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು. ಮೆಂಬ್ರೇನ್ ನೀರನ್ನೂ ಲ್ಯಾಬಿಗೆ ಕಳಿಸಿದ್ದೆ. ಅದರಲ್ಲಿ ನೈಟ್ರೇಟ್ 9, ಫ್ಲೋರೈಡ್ 0.2. ಒಂದಕ್ಕೆ ಏಳು ಬೆರೆಸಿದರೆ ನೈಟ್ರೇಟ್ ಹದಿನಾರರ ಹತ್ತಿರ, ಫ್ಲೋರೈಡ್ 0.4. ಎರಡೂ ಮಿತಿಗಿಂತ ಎಷ್ಟೋ ಕೆಳಗೆ. ದೊಡ್ಡವರಿಗೆ ತಕರಾರಿಲ್ಲ. ತಕರಾರು ಇರುವುದು ಆ ಸ್ಕ್ರೂ ಅಂಕಿ ನೋಡಿಕೊಂಡು ಕೆಲಸ ಮಾಡುವುದಿಲ್ಲ ಎಂಬುದರಲ್ಲಿ. ಅದು ಬರೀ ಒಂದು ಸಣ್ಣ ತೂತು. ಬೇಸಿಗೆಯಲ್ಲಿ ಬೋರ್ ನೀರು ಕೆಟ್ಟರೆ ಬೆರೆಯುವುದೂ ಕೆಟ್ಟ ನೀರೇ. ಜೊತೆಗೆ ಆ ಎಂಟನೇ ಒಂದು ಪಾಲಿನ ರೋಗಾಣುಗಳನ್ನು ತಡೆಯಲು ಯುವಿ ಒಂದೇ ದಿಕ್ಕು. ಕೂಸಿಗೆ ಅನ್ನ ತಿನ್ನಿಸುವ ತನಕ ಸ್ಕ್ರೂ ಪೂರ್ತಿ ಮುಚ್ಚಿಸಿಟ್ಟೆ. ನೀರು ಸಪ್ಪೆ ಎಂದು ಮನೆಯವರು ಗೊಣಗಿದರು. ಸತ್ವ ಹೋಯಿತು ಎಂದು ಆಂಟಿ ಮರುಗಿದರು. ಅವ್ವ ಮಾತ್ರ ಮೂರು ಸೀಟಿಗೆ ಬೆಣ್ಣೆಯಾದ ಬೇಳೆಯನ್ನು ಸೌಟಿನಲ್ಲಿ ಎತ್ತಿ ನೋಡಿ, "ಸತ್ವ ರೊಟ್ಟಿ, ಪಲ್ಯದಾಗ ಇರತೈತಿ ಬಿಡು" ಎಂದಳು. ನಮ್ಮ ಕ್ಯಾಲ್ಸಿಯಂ ಬಹುಪಾಲು ಬರುವುದು ಹಾಲು, ಸೊಪ್ಪುಗಳಿಂದಲೇ ಆದ್ದರಿಂದ ನಾನೂ ಅವಳ ಪಕ್ಷ.

ಇನ್ನು ನನ್ನ ತಪ್ಪು. ದಿನಕ್ಕೆ ಕುಡಿಯಲು, ಅಡುಗೆಗೆ ಇಪ್ಪತ್ತು ಲೀಟರ್ ತೆಗೆದರೆ ಅರವತ್ತು ಲೀಟರ್ ಹೊರಗೆ. ಟ್ಯಾಂಕರಿಗೆ ದುಡ್ಡು ಕೊಡುವ ಊರಿನಲ್ಲಿ ಅದನ್ನು ನೋಡಲಾಗದೆ ಬಕೆಟ್ಟಿನಲ್ಲಿ ಹಿಡಿದಿಟ್ಟೆವು. ಟಾಯ್ಲೆಟ್ಟಿಗೆ ಸುರಿಯಲು, ಬಟ್ಟೆಯ ಮೊದಲ ನೆನೆಗೆ ಸರಿಹೋಯಿತು. ನೆಲ ಒರೆಸಿದರೆ ಕಪ್ಪು ಟೈಲ್ಸಿನ ಮೇಲೆ ಬಿಳಿ ಗೆರೆ. ಗಿಡಕ್ಕೆ ಹಾಕಿದ್ದು ಮಾತ್ರ ಆಗಲಿಲ್ಲ. ಎರಡು ತಿಂಗಳಿಗೆ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿತು, ತುಳಸಿಯ ಎಲೆ ತುದಿಯಿಂದ ಸುಟ್ಟಂತಾಗಿ ಒಣಗಿತು. ಅವ್ವ ಇದಕ್ಕೆ ನನ್ನನ್ನು ಈಗಲೂ ಕ್ಷಮಿಸಿಲ್ಲ.

ಆಗ ಸರ್ವಿಸ್ ಹುಡುಗನಿಗೆ, "ಈ ವೇಸ್ಟ್ ಕಡಿಮೆ ಮಾಡಲಾಗುವುದಿಲ್ಲವೇ?" ಎಂದೆ. "ಯಾಕಾಗಲ್ಲ ಮೇಡಂ" ಎಂದವನು ಹೊರಹೋಗುವ ಕೊಳವೆಯಲ್ಲಿದ್ದ ಫ್ಲೋ ರಿಸ್ಟ್ರಿಕ್ಟರ್ ಎಂಬ ಬೆರಳಷ್ಟು ತುಂಡನ್ನು ಬದಲಿಸಿ ಬಿಗಿಯಾದದ್ದನ್ನು ಹಾಕಿದ. ಒಂದು ಲೀಟರಿಗೆ ಒಂದೇ ಲೀಟರ್ ವೇಸ್ಟ್! ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ, ನಾಲ್ಕು ಮನೆಯವರು ನನ್ನ ಮಾತು ಕೇಳಿ ಹಾಗೇ ಮಾಡಿಸಿದರು.

ಏಳನೇ ತಿಂಗಳು, ಮೇ. ಬಾಟಲಿ ತುಂಬುವುದು ತಡವಾಗುತ್ತಿದೆ ಅನ್ನಿಸಿತು. ಮತ್ತೆ ಗಡಿಯಾರ ಹಿಡಿದೆ. ಲೀಟರಿಗೆ ಐದು ನಿಮಿಷವಿದ್ದದ್ದು ಒಂಬತ್ತಾಗಿತ್ತು. ಮಗಳು ಅಷ್ಟರಲ್ಲಿ ಗಂಜಿ ತಿನ್ನುತ್ತಿದ್ದುದರಿಂದ ಸ್ಕ್ರೂ ಸ್ವಲ್ಪ ತೆರೆದಿತ್ತು. ಮೀಟರ್ 310 ತೋರಿಸಿತು. ಇದು ಸ್ಕ್ರೂವಿನದೋ ಮೆಂಬ್ರೇನಿನದೋ ತಿಳಿಯಬೇಕಾದರೆ ಒಂದೇ ದಾರಿ, ಸ್ಕ್ರೂ ಪೂರ್ತಿ ಮುಚ್ಚಿ ಅಳೆಯುವುದು. ಅದೂ ಬೆಳಗಿನ ಮೊದಲ ಲೋಟವನ್ನಲ್ಲ. ರಾತ್ರಿಯೆಲ್ಲ ಯಂತ್ರ ನಿಂತಿದ್ದಾಗ ಲವಣ ಮೆಂಬ್ರೇನನ್ನು ದಾಟಿ ಈಚೆಗೆ ಜಿನುಗಿರುತ್ತದೆ, ಹೊಸ ಯಂತ್ರದಲ್ಲೂ ಮೊದಲ ನೀರು ಜಾಸ್ತಿಯೇ ತೋರಿಸುತ್ತದೆ. ಹತ್ತು ನಿಮಿಷ ಓಡಿಸಿ, ಮೆಂಬ್ರೇನಿನಿಂದ ಬರುವ ಕೊಳವೆಯಿಂದಲೇ ಹಿಡಿದೆ. 190. ಒಳಹೋಗುವ ನೀರು ಆ ದಿನ 1300. ಮೊದಲ ದಿನ ನೂರಕ್ಕೆ ತೊಂಬತ್ತನಾಲ್ಕು ಪಾಲು ಲವಣ ತಡೆದಿದ್ದ ಮೆಂಬ್ರೇನ್ ಈಗ ಎಂಬತ್ತೈದು ತಡೆಯುತ್ತಿತ್ತು. ನೀರು ಕಡಿಮೆ, ಲವಣ ಜಾಸ್ತಿ. ಹೊಟ್ಟೆಯೊಳಗೆ ಸುಣ್ಣ ಕಟ್ಟಿದ ಲಕ್ಷಣ.

ಕಾರಣ ಹುಡುಕುತ್ತ ಹೋದರೆ ಸಿಕ್ಕದ್ದು ನಾನೇ. ಮೂರು ಲೀಟರಿಗೆ ಹರಡಿ ಹೊರಗೆ ಹೋಗುತ್ತಿದ್ದ ಸುಣ್ಣವೆಲ್ಲ ಈಗ ಒಂದು ಲೀಟರಿನಲ್ಲಿ ಹೋಗಬೇಕಿತ್ತು. ಮೊದಲು ಮೆಂಬ್ರೇನಿನ ಕೊನೆಯ ತುದಿಯಲ್ಲಿ ಗಡಸುತನ 560ರಿಂದ 750ರ ಹತ್ತಿರಕ್ಕೆ ಏರುತ್ತಿತ್ತು. ಬಿಗಿಯಾದ ತುಂಡು ಹಾಕಿದ ಮೇಲೆ ಅದು ಇಮ್ಮಡಿ, 1100ರ ಆಸುಪಾಸು. ಅಷ್ಟು ಗಡಸಾದ ನೀರಿನಿಂದ ಸುಣ್ಣ ಅಲ್ಲೇ ಹರಳಾಗಿ ಹಾಳೆಗೆ ಅಂಟಿಕೊಂಡಿತು. ಸುಣ್ಣ ಕಟ್ಟದಂತೆ ತಡೆಯುವ ಫಾಸ್ಫೇಟ್ ಗುಂಡುಗಳ ಕಾರ್ಟ್ರಿಜ್ ಯಂತ್ರದಲ್ಲಿ ಇತ್ತು, ಬಿಚ್ಚಿ ನೋಡಿದರೆ ಗುಂಡು ಕರಗಿ ಖಾಲಿಯಾಗಿತ್ತು. ಮಂಡಳಿಯ 240ರ ನೀರಾಗಿದ್ದರೆ ಒಂದಕ್ಕೊಂದು ಧಾರಾಳವಾಗಿ ನಡೆಯುತ್ತಿತ್ತು. ನೀರು ಉಳಿಸುವ ಆಟ ಗಡಸು ನೀರಿನಲ್ಲಿ ಮೆಂಬ್ರೇನಿನ ಆಯಸ್ಸಿನಿಂದಲೇ ಕಳೆಯುತ್ತದೆ. ಬೇಕೆಂದರೆ ಮೊದಲು ಗಡಸುತನ ತೆಗೆಯುವ ಸಾಫ್ಟ್‌ನರ್ ಹಾಕಬೇಕು, ಅದಕ್ಕೆ ನಮ್ಮ ಅಡುಗೆಮನೆಯಲ್ಲಿ ಜಾಗವಿಲ್ಲ.

ಸರ್ವಿಸ್ ಹುಡುಗ ಬಂದು ಮೀಟರ್ ಅದ್ದಿ, ಮೊದಲು ಮಾಡಿದ ಕೆಲಸ ಸ್ಕ್ರೂ ಪೂರ್ತಿ ಮುಚ್ಚಿದ್ದು. 310 ಇದ್ದದ್ದು 190 ಆಯಿತು. "ನೋಡಿ ಮೇಡಂ, ಸರಿಯಾಯ್ತು" ಎಂದ. ಮೊದಲ ದಿನದ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳದಿದ್ದರೆ ನಾನೂ ಸರಿಯಾಯಿತೆಂದೇ ನಂಬಿ ಅವನಿಗೆ ಚಹಾ ಕೊಟ್ಟು ಕಳಿಸುತ್ತಿದ್ದೆ. ನನ್ನ ಚೀಟಿ ಯಂತ್ರದ ಮುಚ್ಚಳದ ಒಳಬದಿಯಲ್ಲಿ ಅಂಟಿಸಿದೆ: ತಾರೀಕು, ಒಳಗಿನ ನೀರು, ಸ್ಕ್ರೂ ಮುಚ್ಚಿದಾಗಿನ ಹೊರಗಿನ ನೀರು, ಲೀಟರಿಗೆ ಎಷ್ಟು ನಿಮಿಷ, ವೇಸ್ಟ್ ಎಷ್ಟು. ಅದನ್ನು ತೋರಿಸಿದ ಮೇಲೆ ಅವನು ತಲೆ ಕೆರೆದುಕೊಂಡು ಬ್ಯಾಗಿನಿಂದ ಹೊಸ ಮೆಂಬ್ರೇನ್ ತೆಗೆದ. ಹಳೆಯ ರಿಸ್ಟ್ರಿಕ್ಟರನ್ನೂ ಮತ್ತೆ ಹಾಕಿಸಿದೆ. ಮೂರಕ್ಕೆ ಒಂದು. ಆಮೇಲೆ ಆ ನಾಲ್ಕು ಮನೆಗಳ ಬೆಲ್ ಒತ್ತಿ, ನನ್ನ ಸಲಹೆ ವಾಪಸು ತೆಗೆದುಕೊಂಡು ಬಂದೆ. ಒಬ್ಬರು ಮೆಂಬ್ರೇನಿನ ದುಡ್ಡು ಕೇಳಿಯೇಬಿಟ್ಟರು, ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ.

ಅವ್ವ ಊರಿಗೆ ಹೊರಟಾಗ ಆ ಪೆನ್ನಿನಂಥ ಮೀಟರನ್ನು ಕೇಳಿ ತೆಗೆದುಕೊಂಡು ಹೋದಳು. ನಾನು ಇನ್ನೊಂದು ತರಿಸಿಕೊಂಡೆ. ಹೋದ ವಾರ ಫೋನು ಮಾಡಿದ್ದಳು. ಊರಿನ ಶುದ್ಧ ನೀರಿನ ಘಟಕದಲ್ಲಿ, ಐದು ರೂಪಾಯಿ ನಾಣ್ಯ ಹಾಕಿದರೆ ಕೊಡ ತುಂಬುವಲ್ಲಿ, ಮೀಟರ್ ಅದ್ದಿದ್ದಾಳೆ. "ಹೋದ ತಿಂಗಳ ಅರವತ್ತು ಇತ್ತವ್ವ, ಈ ತಿಂಗಳ ನೂರಾ ಎಂಬತ್ತು ಆಗೇತಿ. ಪಂಚಾಯ್ತಿಯವರಿಗೆ ಹೇಳಿದ್ರ, ಮೀಟರ್ ಕೆಟ್ಟೈತಿ ಅಂತಾರ. ನೀ ಒಂದು ಚೀಟಿ ಬರದು ಕಳಿಸು, ಅದೇ ನಿಮ್ಮನ್ಯಾಗ ಅಂಟಿಸೀಯಲ್ಲ, ಅಂಥದು."